ಕಂಟ್ರೋಲ್ ಸರಿ ಬಂದರೂ ಶುಗರ್ ರಿಪೋರ್ಟ್ ತಪ್ಪಾಗೋದು ಹೇಗೆ? ಸಣ್ಣ ಲ್ಯಾಬ್‌ಗಳಿಗೊಂದು ಮಾರ್ಗದರ್ಶಿ

"ದಿನಾ ಕಂಟ್ರೋಲ್ ಹಾಕ್ತೀವಿ, ರೇಂಜ್ ಒಳಗೇ ಬರುತ್ತೆ. ಆದ್ರೂ ಇಕ್ಯೂಎಯಲ್ಲಿ ಗ್ಲೂಕೋಸ್ ಹೊರಗೆ ಹೋಗಿದೆ. ಯಾಕೆ?"

ಲ್ಯಾಬ್ ಟೆಕ್ನೀಷಿಯನ್‌ಗಳು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಪ್ರತಿ ಸಲ ಫೋನಿನಲ್ಲಿ ಅರ್ಧ ಹೇಳಿ ಬಿಡುತ್ತಿದ್ದೆ. ಈಗ ಪೂರ್ತಿ ಬರೆಯುತ್ತಿದ್ದೇನೆ. ನಿಮ್ಮ ಲ್ಯಾಬ್‌ನಲ್ಲಿ ಒಂದು ಸೆಮಿ ಆಟೋ ಅನಲೈಜರ್ ಇದೆ, ಗ್ಲೂಕೋಸ್‌ಗೆ ಜಿಒಡಿ-ಪಿಒಡಿ ಕಿಟ್ ಬಳಸುತ್ತೀರಿ ಅಂದುಕೊಂಡು ಬರೆದಿದ್ದೇನೆ. ಗ್ಲೂಕೋಸ್ ಆಕ್ಸಿಡೇಸ್, ಪೆರಾಕ್ಸಿಡೇಸ್ ಎಂಬ ಎರಡು ಕಿಣ್ವಗಳು ಸಕ್ಕರೆಯನ್ನು ಗುಲಾಬಿ ಬಣ್ಣವಾಗಿ ಮಾಡುವ, ಆ ಬಣ್ಣವನ್ನು ಮೆಷಿನ್ ಅಳೆಯುವ ವಿಧಾನ ಅದು. ಅಂಕಿಗಳೆಲ್ಲ ಮಿ.ಗ್ರಾಂ/ಡೆ.ಲೀ.ನಲ್ಲಿವೆ.

ಮೊದಲು ಎರಡು ಹೆಸರು ಬಿಡಿಸಿಕೊಳ್ಳೋಣ. ಐಕ್ಯೂಸಿ ಅಂದರೆ ಆಂತರಿಕ ಗುಣಮಟ್ಟ ನಿಯಂತ್ರಣ. ಒಂದೇ ಕಂಟ್ರೋಲ್ ದ್ರಾವಣವನ್ನು ದಿನಾ ಓಡಿಸಿ, ಇವತ್ತಿನ ಮೆಷಿನ್ ನಿನ್ನೆಯ ಹಾಗೇ ಇದೆಯಾ ಅಂತ ನೋಡುವುದು. ಇಕ್ಯೂಎ ಅಂದರೆ ಬಾಹ್ಯ ಗುಣಮಟ್ಟ ಪರಿಶೀಲನೆ. ಹೊರಗಿನ ಸಂಸ್ಥೆಯೊಂದು ಅಂಕಿ ಹೇಳದೆ ಒಂದೇ ಮಾದರಿಯನ್ನು ಎಲ್ಲ ಲ್ಯಾಬ್‌ಗಳಿಗೆ ಕಳಿಸಿ, ನೀವು ಉಳಿದವರ ಜೊತೆ ಇದ್ದೀರಾ ಅಂತ ನೋಡುವುದು. ಸಂತೆಯ ವ್ಯಾಪಾರಿಯ ಒಂದು ಕೆಜಿ ಕಲ್ಲು ಸವೆದಿದ್ದರೂ ಅದೇ ಮೂಟೆ ದಿನಾ ಒಂದೇ ತೂಕ ತೋರಿಸುತ್ತದೆ, ಅಲ್ವಾ? ಪಕ್ಕದ ಅಂಗಡಿಯ ಕಲ್ಲಿನ ಎದುರು ಇಟ್ಟಾಗಲೇ ಸವೆದದ್ದು ಗೊತ್ತಾಗುವುದು. ಐಕ್ಯೂಸಿ ಅದೇ ಮೂಟೆ, ಇಕ್ಯೂಎ ಪಕ್ಕದ ಅಂಗಡಿಯ ಕಲ್ಲು.

1. ಬೇಕಾದದ್ದನ್ನು ಜೋಡಿಸಿಕೊಳ್ಳಿ

ಎರಡು ಮಟ್ಟದ ಕಂಟ್ರೋಲ್ ತರಿಸಿ. ಒಂದು ನಾರ್ಮಲ್, ಇನ್ನೊಂದು ಜಾಸ್ತಿ ಸಕ್ಕರೆಯದು. ಒಂದೊಂದು ಮಟ್ಟದ ಬಾಟಲಿಗಳೆಲ್ಲ ಒಂದೇ ಲಾಟ್ ನಂಬರಿನವು ಆಗಿರಲಿ, ಕನಿಷ್ಠ ಆರು ತಿಂಗಳಿಗೆ, ಸಾಧ್ಯವಾದರೆ ವರ್ಷಕ್ಕೆ ಸಾಕಾಗುವಷ್ಟು ಇರಲಿ. ಲಾಟ್ ಬದಲಾದ ಪ್ರತಿ ಸಲ ಎಲ್ಲ ಲೆಕ್ಕ ಮೊದಲಿನಿಂದ ಮಾಡಬೇಕಾಗುತ್ತದೆ. ಜೊತೆಗೆ 5 ಮಿ.ಲೀ.ನ ಗಾಜಿನ ವಾಲ್ಯುಮೆಟ್ರಿಕ್ ಪಿಪೆಟ್, ಒಳ್ಳೆಯ ಡಿಸ್ಟಿಲ್ಡ್ ವಾಟರ್, ಮುಚ್ಚಳವಿರುವ ಪುಟ್ಟ ವಯಲ್‌ಗಳು, ಮೈನಸ್ 20 ಡಿಗ್ರಿಯ ಫ್ರೀಜರ್ ಬೇಕು.

ಇಲ್ಲೇ ಮೊದಲ ಎಡವಟ್ಟು ಆಗುವುದು. ಕಿಟ್ ಜೊತೆ ಬರುವ 100ರ ಸ್ಟ್ಯಾಂಡರ್ಡನ್ನೇ ದಿನಾ ಓಡಿಸಿ "ಕಂಟ್ರೋಲ್ ಹಾಕಿದ್ದೀವಿ" ಅನ್ನುವ ಲ್ಯಾಬ್‌ಗಳಿವೆ. ಸ್ಟ್ಯಾಂಡರ್ಡ್ ಮೆಷಿನ್‌ಗೆ ಪಾಠ ಹೇಳಿಕೊಡುವುದು. ಕಂಟ್ರೋಲ್ ಆ ಪಾಠದ ಪರೀಕ್ಷೆ. ಪಾಠದಲ್ಲಿದ್ದ ಲೆಕ್ಕವನ್ನೇ ಪರೀಕ್ಷೆಗೂ ಕೊಟ್ಟರೆ ಯಾರು ಫೇಲ್ ಆಗುತ್ತಾರೆ?

2. ಕಂಟ್ರೋಲ್ ಕಲಸುವುದು

ಕಂಟ್ರೋಲ್ ಸಾಮಾನ್ಯವಾಗಿ ಒಣ ಪುಡಿಯಾಗಿ ಬರುತ್ತದೆ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಮೆಲ್ಲಗೆ ತಟ್ಟಿ, ಪುಡಿ ತಳಕ್ಕೆ ಬರಲಿ. ಹಾಳೆಯಲ್ಲಿ 5 ಮಿ.ಲೀ. ಅಂತಿದ್ದರೆ ಸರಿಯಾಗಿ 5 ಮಿ.ಲೀ. ನೀರು ಹಾಕಿ. ಸಿರಿಂಜ್‌ನಲ್ಲಿ ಅಂದಾಜಿಗೆ ಹಾಕಬೇಡಿ. 4.8 ಬಿದ್ದರೆ ಆ ಬಾಟಲಿಯ ಪ್ರತಿ ಅಂಕಿಯೂ ಶೇ 4ರಷ್ಟು ಜಾಸ್ತಿ ಬರುತ್ತದೆ, ನೀವು ಸುಮ್ನೆ ಮೆಷಿನ್ ಮೇಲೆ ಅನುಮಾನ ಪಡುತ್ತೀರಿ. ನೀರು ಹಾಕಿದ ಮೇಲೆ ಅಲ್ಲಾಡಿಸಿ ನೊರೆ ಎಬ್ಬಿಸಬೇಡಿ. ಮೆಲ್ಲಗೆ ತಿರುಗಿಸಿ, ಹಾಳೆಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಸಾಮಾನ್ಯವಾಗಿ ಅರ್ಧ ಗಂಟೆ.

ಆಮೇಲೆ ಒಂದೊಂದು ದಿನಕ್ಕೆ ಬೇಕಾದಷ್ಟನ್ನು ವಯಲ್‌ಗಳಿಗೆ ಹಂಚಿ ಫ್ರೀಜ್ ಮಾಡಿ. ದಿನಕ್ಕೊಂದು ತೆಗೆದು, ಕರಗಿಸಿ, ಮೇಲೆ ಕೆಳಗೆ ಮಾಡಿ ಚೆನ್ನಾಗಿ ಬೆರೆಸಿ ಬಳಸಿ. ಉಳಿದದ್ದನ್ನು ಚೆಲ್ಲಿಬಿಡಿ, ಮತ್ತೆ ಫ್ರೀಜರ್‌ಗೆ ಇಡಬೇಡಿ. ಕರೆಂಟ್ ಹೋಗಿ ಬಂದು ಆಗುವ ಊರಾದರೆ ಫ್ರೀಜರ್‌ನಲ್ಲಿ ಒಂದು ಐಸ್ ತುಂಬಿದ ಲೋಟದ ಮೇಲೆ ನಾಣ್ಯ ಇಟ್ಟಿರಿ. ಬೆಳಿಗ್ಗೆ ನಾಣ್ಯ ಐಸ್ ಒಳಗೆ ಇಳಿದಿದ್ದರೆ ರಾತ್ರಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತಲೇ ಲೆಕ್ಕ.

3. ನಿಮ್ಮದೇ ಸರಾಸರಿ ಕಂಡುಕೊಳ್ಳಿ

ಕಂಟ್ರೋಲ್ ಜೊತೆ ಬಂದ ಹಾಳೆಯಲ್ಲಿ ಒಂದು ರೇಂಜ್ ಇರುತ್ತದೆ. ನಮ್ಮ ಉದಾಹರಣೆಯ ಲ್ಯಾಬ್‌ನ ಹಾಳೆಯಲ್ಲಿ ಮಟ್ಟ 1ಕ್ಕೆ 83ರಿಂದ 113 ಅಂತಿದೆ, ನಡುವಿನ ಅಂಕಿ 98. ಇದನ್ನು ದಿನನಿತ್ಯದ ಮಿತಿ ಅಂತ ಹಿಡಿಯಬೇಡಿ. ಬೇರೆ ಬೇರೆ ಲ್ಯಾಬ್‌ಗಳ ಬೇರೆ ಬೇರೆ ಮೆಷಿನ್‌ಗಳು ಒಳಗೆ ಬೀಳಲಿ ಅಂತ ಇಟ್ಟ ಅಗಲವಾದ ರೇಂಜ್ ಅದು. ಆದರೆ ಹಾಳೆಯನ್ನು ಎಸೆಯಬೇಡಿ. ಅದರಲ್ಲಿ ನಿಮ್ಮ ವಿಧಾನಕ್ಕೆ ಕೊಟ್ಟ ನಡುವಿನ ಅಂಕಿ ಮುಂದೆ ಕೆಲಸಕ್ಕೆ ಬರುತ್ತದೆ.

ಎರಡೂ ಮಟ್ಟವನ್ನು ದಿನಕ್ಕೊಂದು ಸಲದಂತೆ 20 ದಿನ ಓಡಿಸಿ. ಬೇರೆ ಬೇರೆ ಟೆಕ್ನೀಷಿಯನ್‌ಗಳು ಮಾಡಲಿ, ನಡುವೆ ಹೊಸ ರೀಏಜೆಂಟ್ ಬಾಟಲಿಯೂ ಒಡೆಯಲಿ. ಅಂಕಿಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದರೆ ಲೆಕ್ಕ ಇಷ್ಟೇ:

```
=AVERAGE(B2:B21)
=STDEV(B2:B21)
```

ಮೊದಲನೆಯದು ಸರಾಸರಿ. ಎರಡನೆಯದು ಎಸ್‌ಡಿ, ಅಂದರೆ ಸರಾಸರಿಯ ಆಚೀಚೆ ಅಂಕಿಗಳು ಮಾಮೂಲಾಗಿ ಎಷ್ಟು ಓಲಾಡುತ್ತವೆ ಅನ್ನುವುದರ ಅಳತೆ. ನಮ್ಮ ಲ್ಯಾಬ್‌ಗೆ ಬಂದ ಉತ್ತರ: ಮಟ್ಟ 1ರ ಸರಾಸರಿ 92, ಎಸ್‌ಡಿ 2. ಮಟ್ಟ 2ರ ಸರಾಸರಿ 285, ಎಸ್‌ಡಿ 6. ಎರಡರಲ್ಲೂ ಓಲಾಟ ಶೇ 2ಕ್ಕಿಂತ ಸ್ವಲ್ಪ ಜಾಸ್ತಿ. ಗ್ಲೂಕೋಸ್‌ಗೆ, ಅದೂ ಕೈಯಲ್ಲಿ ಪಿಪೆಟ್ ಹಿಡಿದು ಮಾಡುವ ಕಡೆ, ಇದು ಚೆನ್ನಾಗಿಯೇ ಇದೆ.

ಹಾಳೆಯ ನಡುವಿನ ಅಂಕಿ 98, ಇವರದು 92. ರೇಂಜ್ ಒಳಗಿದೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ.

4. ಚಾರ್ಟ್ ಬರೆಯಿರಿ, ಓದುವುದನ್ನು ಕಲಿಯಿರಿ

ಲೀವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು 1950ರಲ್ಲಿ ಲ್ಯಾಬ್‌ಗಳಿಗೆ ತಂದ ಚಾರ್ಟ್ ಇವತ್ತಿಗೂ ನಡೆಯುತ್ತಿದೆ. ಗ್ರಾಫ್ ಹಾಳೆಯಲ್ಲಿ ನಡುವೆ ಸರಾಸರಿ ಗೆರೆ, ಮೇಲೆ ಕೆಳಗೆ 1, 2, 3 ಎಸ್‌ಡಿ ಗೆರೆಗಳು. ಮಟ್ಟ 1ಕ್ಕೆ ಮೇಲಿನ ಗೆರೆಗಳು 94, 96, 98. ಕೆಳಗಿನವು 90, 88, 86. ದಿನಕ್ಕೊಂದು ಚುಕ್ಕೆ ಇಡಿ. ಕಂಪ್ಯೂಟರ್ ಇದ್ದರೂ ಗೋಡೆಗೆ ಅಂಟಿಸಿದ ಹಾಳೆಯೇ ನನಗೆ ಇಷ್ಟ, ಹಾದುಹೋಗುವಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಚುಕ್ಕೆ 2 ಎಸ್‌ಡಿ ದಾಟಿದ ಕೂಡಲೇ ಕೆಲಸ ನಿಲ್ಲಿಸಬೇಕಿಲ್ಲ. ಎಲ್ಲ ಸರಿ ಇದ್ದರೂ ಇಪ್ಪತ್ತು ಸಲಕ್ಕೊಮ್ಮೆ ಹಾಗೆ ಆಗಿಯೇ ಆಗುತ್ತದೆ. ಎರಡು ಕಂಟ್ರೋಲ್ ಹಾಕಿದರೆ ಹತ್ತು ದಿನಕ್ಕೊಮ್ಮೆ ಯಾವುದಾದರೂ ಒಂದು ದಾಟುತ್ತದೆ. ಹಾಗಿದ್ದರೆ ಯಾವಾಗ ನಿಲ್ಲಿಸಬೇಕು? ವೆಸ್ಟ್‌ಗಾರ್ಡ್ 1981ರಲ್ಲಿ ಕೊಟ್ಟ ನಿಯಮಗಳಲ್ಲಿ ನಾಲ್ಕು ನಿಮಗೆ ಸಾಕು. ಮೆಷಿನ್ ಪರದೆಯಲ್ಲಿ ಕಾಣುವ ಹೆಸರನ್ನೇ ಕೊಡುತ್ತೇನೆ.

1-3s: ಒಂದೇ ಚುಕ್ಕೆ 3 ಎಸ್‌ಡಿ ದಾಟಿದೆ. ನಿಲ್ಲಿಸಿ.

2-2s: ಎರಡೂ ಮಟ್ಟ ಒಂದೇ ದಿನ ಒಂದೇ ಕಡೆಗೆ 2 ಎಸ್‌ಡಿ ದಾಟಿವೆ, ಇಲ್ಲವೇ ಒಂದೇ ಮಟ್ಟ ಸತತ ಎರಡು ಸಲ ಒಂದೇ ಕಡೆಗೆ ದಾಟಿದೆ. ನಿಲ್ಲಿಸಿ. ಏನೋ ಒಂದು ಎಲ್ಲ ಅಂಕಿಗಳನ್ನೂ ಒಂದೇ ಕಡೆಗೆ ಎಳೆಯುತ್ತಿದೆ.

R-4s: ಒಂದು ಮಟ್ಟ ಮೇಲೆ 2 ದಾಟಿದೆ, ಇನ್ನೊಂದು ಕೆಳಗೆ 2 ದಾಟಿದೆ. ಇದು ಗುಳ್ಳೆ, ಸಡಿಲ ಟಿಪ್, ಅವಸರದ ಪಿಪೆಟಿಂಗ್‌ನ ಗುರುತು. ಇದಕ್ಕೂ ನಿಲ್ಲಿಸಿ.

10x: ಹತ್ತು ಚುಕ್ಕೆ ಸತತ ಸರಾಸರಿಯ ಒಂದೇ ಪಕ್ಕದಲ್ಲಿವೆ. ಪ್ರತಿಯೊಂದೂ ಒಳಗೇ ಇದೆ, ಆದರೂ ಗೆರೆ ಸರಿದಿದೆ. ನೋಡುವವರಿಲ್ಲದೆ ತಪ್ಪಿಹೋಗುವುದು ಇದೇ.

5. ಕಂಟ್ರೋಲ್ ಹೊರಗೆ ಬಂದ ದಿನ

ಮೊದಲು ಪೇಷಂಟ್ ರಿಪೋರ್ಟ್‌ಗಳನ್ನು ತಡೆಹಿಡಿಯಿರಿ. ಆಮೇಲೆ ಬೇರೆ ಕೆಲಸ.

ಬಹಳ ಕಡೆ ಮಾಡುವುದು ಏನೆಂದರೆ, ಕಂಟ್ರೋಲನ್ನೇ ಮತ್ತೆ ಮತ್ತೆ ಹಾಕುವುದು. ಮೂರನೇ ಸಲ ಒಳಗೆ ಬಿತ್ತು, "ಓಕೆ" ಬರೆದರು, ಮುಂದೆ ಹೋದರು. ಓಲಾಟದಲ್ಲಿ ಯಾವುದೋ ಒಂದು ಒಳಗೆ ಬಿದ್ದೇ ಬೀಳುತ್ತದೆ. ಅದು ರಿಪೇರಿ ಅಲ್ಲ.

ನಮ್ಮ ಲ್ಯಾಬ್‌ನ ಒಂದು ಬೆಳಿಗ್ಗೆ ನೋಡಿ. ಮಟ್ಟ 1 ಬಂದದ್ದು 87, ಸರಾಸರಿಗಿಂತ 2.5 ಎಸ್‌ಡಿ ಕೆಳಗೆ. ಮಟ್ಟ 2 ಬಂದದ್ದು 268, ಅದು 2.8 ಎಸ್‌ಡಿ ಕೆಳಗೆ. ಯಾವುದೂ 3 ದಾಟಿಲ್ಲ, ಆದರೆ ಎರಡೂ ಒಂದೇ ಕಡೆ 2 ದಾಟಿವೆ. 2-2s ಬಿತ್ತು. ಪಿಪೆಟ್‌ನ ಆಕಸ್ಮಿಕ ತಪ್ಪಾದರೆ ಎರಡೂ ಒಂದೇ ಕಡೆ ಹೋಗುವುದು ಅಪರೂಪ. ಹಾಗಾಗಿ ಕೇಳಬೇಕಾದ ಪ್ರಶ್ನೆ: ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು?

ಬದಲಾದದ್ದು ಇಷ್ಟೇ. ಬಾಟಲಿ ಖಾಲಿಯಾಗಿತ್ತು, ಹೊಸದನ್ನು ಫ್ರಿಜ್‌ನಿಂದ ತೆಗೆದು ನೇರವಾಗಿ ಬಳಸಿದ್ದರು. ರೀಏಜೆಂಟ್ ತಣ್ಣಗಿತ್ತು, 10 ನಿಮಿಷದಲ್ಲಿ ಬಣ್ಣ ಪೂರ್ತಿ ಬರಲಿಲ್ಲ. ಜಾಸ್ತಿ ಸಕ್ಕರೆಯ ಟ್ಯೂಬ್‌ಗೆ ಹೆಚ್ಚು ಬಣ್ಣ ಬರಬೇಕಲ್ಲ, ಅದಕ್ಕೇ ಮಟ್ಟ 2ಕ್ಕೆ ಏಟು ಜಾಸ್ತಿ.

ಇದನ್ನು ಖಚಿತ ಮಾಡಿಕೊಳ್ಳುವ ಉಪಾಯ ಸುಲಭ. ಮೆಷಿನ್ ಹೀರಿಕೊಂಡ ಮೇಲೂ ಟ್ಯೂಬ್‌ನಲ್ಲಿ ಅರ್ಧ ಉಳಿದಿರುತ್ತದೆ. ಅದನ್ನು 37 ಡಿಗ್ರಿಯಲ್ಲೇ ಇನ್ನೈದು ನಿಮಿಷ ಬಿಟ್ಟು ಮತ್ತೆ ಓದಿಸಿ. ಇಲ್ಲಿ 87 ಇದ್ದದ್ದು 91 ಆಯಿತು, 268 ಇದ್ದದ್ದು 283 ಆಯಿತು. ಅಂಕಿ ಏರಿದರೆ ಕ್ರಿಯೆ ಮುಗಿದಿರಲಿಲ್ಲ ಅಂತ. ಆಗ ರೀಏಜೆಂಟ್ ತಣ್ಣಗಿದೆಯೋ, ಇನ್‌ಕ್ಯುಬೇಟರ್ ನಿಜವಾಗಿ 37ರಲ್ಲಿದೆಯೋ ಅಂತ ಥರ್ಮಾಮೀಟರ್ ಇಟ್ಟು ನೋಡಿ. ಅಂಕಿ ಏರದೆ ಹಾಗೇ ನಿಂತರೆ ಸ್ಯಾಂಪಲ್ ಪಿಪೆಟ್, ಕಂಟ್ರೋಲ್ ವಯಲ್, ದೀಪ, ಇವುಗಳ ಕಡೆ ತಿರುಗಿ.

ಕಾರಣ ಸರಿಪಡಿಸಿ, ಎರಡೂ ಮಟ್ಟ ಮತ್ತೆ ಓಡಿಸಿ, ಒಳಗೆ ಬಂದ ಮೇಲೆ ಬೆಳಗಿನ ಪೇಷಂಟ್ ಸ್ಯಾಂಪಲ್‌ಗಳನ್ನೂ ಮತ್ತೆ ಮಾಡಿ. ಏನಾಯಿತು, ಏನು ಮಾಡಿದಿರಿ, ಎರಡು ಸಾಲು ರಿಜಿಸ್ಟರ್‌ನಲ್ಲಿ ಬರೆಯಿರಿ. ತಪ್ಪು ಚುಕ್ಕೆಯನ್ನು ಅಳಿಸಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಕ್ತ ತೆಗೆದ ಮೇಲೆ, ಮೆಷಿನ್‌ಗೆ ಬರುವ ಮೊದಲು ಆಗುವ ಯಾವ ತಪ್ಪೂ ಕಂಟ್ರೋಲ್‌ಗೆ ಕಾಣುವುದಿಲ್ಲ. ಸಾದಾ ಟ್ಯೂಬ್‌ನಲ್ಲಿ ರಕ್ತ ಸುಮ್ನೆ ಕೂತರೆ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ 5ರಿಂದ 7ರಷ್ಟು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಕೂಡ ಮೊದಲ ಒಂದೆರಡು ಗಂಟೆ ಅದನ್ನು ಪೂರ್ತಿ ತಡೆಯುವುದಿಲ್ಲ. ಬೇಗ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರೆ ಮಾಡುವುದೇ ಮದ್ದು. ಚಾರ್ಟ್ ಎಷ್ಟೇ ಚೆಂದ ಇದ್ದರೂ ಇದಕ್ಕೆ ಅದು ಸಾಕ್ಷಿ ಹೇಳಲಾರದು.

6. ಇಕ್ಯೂಎಗೆ ಸೇರಿ, ಮಾದರಿಯನ್ನು ಪೇಷಂಟ್‌ನ ಹಾಗೇ ನೋಡಿ

ನಮ್ಮ ಕಡೆಯ ಹೆಚ್ಚಿನ ಲ್ಯಾಬ್‌ಗಳಿಗೆ ಗೊತ್ತಿರುವುದು ವೆಲ್ಲೂರಿನ ಸಿಎಂಸಿ, ಭಾರತೀಯ ಕ್ಲಿನಿಕಲ್ ಬಯೋಕೆಮಿಸ್ಟ್‌ಗಳ ಸಂಘ ಎಸಿಬಿಐ ಜೊತೆ ನಡೆಸುವ ಕಾರ್ಯಕ್ರಮ. ಕಂಪನಿಗಳು ನಡೆಸುವವೂ ಇವೆ. ಎನ್‌ಎಬಿಎಲ್ ಮಾನ್ಯತೆ ಬೇಕೆಂದರೆ ಇಂಥ ಒಂದರಲ್ಲಿ ಇರಲೇಬೇಕು. ಮಾನ್ಯತೆ ಬೇಡ ಅನ್ನುವವರೂ ಸೇರಿ. ಯಾಕೆ ಅಂತ ಮುಂದಿನ ಹಂತದಲ್ಲಿ ಕಾಣುತ್ತದೆ.

ಮಾದರಿ ಬಂದಾಗ ಅದಕ್ಕೆ ಮದುವೆ ಗಂಡಿನ ಉಪಚಾರ ಮಾಡಬೇಡಿ. ಅವತ್ತು ಮಾತ್ರ ಹೊಸ ಸ್ಟ್ಯಾಂಡರ್ಡ್, ಅವತ್ತು ಮಾತ್ರ ಸೀನಿಯರ್ ಕೈ, ಐದು ಸಲ ಮಾಡಿ ಸರಾಸರಿ, ಆಮೇಲೆ ಪಕ್ಕದ ಲ್ಯಾಬ್‌ಗೆ ಫೋನ್ ಮಾಡಿ "ನಿಮ್ದೆಷ್ಟು ಬಂತು?" ಇಷ್ಟೆಲ್ಲ ಮಾಡಿ ಪಾಸಾದರೆ ನಿಮ್ಮ ಪೇಷಂಟ್‌ಗಳ ಅಂಕಿಯ ಬಗ್ಗೆ ಏನೂ ಗೊತ್ತಾಗಲಿಲ್ಲ. ದಿನದ ಸಾಲಿನಲ್ಲೇ ಒಂದು ಸಲ ಓಡಿಸಿ, ಬಂದದ್ದನ್ನು ಕಳಿಸಿ. ಮಾದರಿ ಪುಡಿಯಾಗಿ ಬಂದರೆ ಹಂತ 2ರ ಎಚ್ಚರ ಇಲ್ಲಿಗೂ ಅನ್ವಯ.

ಕಳಿಸುವಾಗ ಎರಡು ಕಡೆ ಕಣ್ಣಿಡಿ. ಒಂದು, ಅಳತೆಯ ಘಟಕ. ಮಿ.ಗ್ರಾಂ ಬದಲು ಮಿಲಿಮೋಲ್ ಆರಿಸಿದರೆ 18 ಪಟ್ಟು ತಪ್ಪು. ಎರಡು, ವಿಧಾನ. ನೀವು ಜಿಒಡಿ-ಪಿಒಡಿ ಬಳಸಿ ಹೆಕ್ಸೋಕೈನೇಸ್ ಅಂತ ಗುರುತು ಹಾಕಿದರೆ ಬೇರೆಯವರ ಗುಂಪಿನ ಜೊತೆ ನಿಮ್ಮನ್ನು ಹೋಲಿಸುತ್ತಾರೆ.

7. ಇಕ್ಯೂಎ ವರದಿ ಓದುವುದು

ವರದಿಯಲ್ಲಿ ನಿಮ್ಮ ಅಂಕಿ, ನಿಮ್ಮ ಗುಂಪಿನ ಸರಾಸರಿ, ಗುಂಪಿನ ಎಸ್‌ಡಿ ಇರುತ್ತವೆ. ಇವುಗಳಿಂದ ಬರುವುದು ಎಸ್‌ಡಿಐ:

```
SDI = (ನಿಮ್ಮ ಅಂಕಿ - ಗುಂಪಿನ ಸರಾಸರಿ) / ಗುಂಪಿನ SD
```

ಗುಂಪಿನ ನಡುವಿನಿಂದ ನೀವು ಎಷ್ಟು ಹೆಜ್ಜೆ ದೂರ ಇದ್ದೀರಿ ಅಂತ ಇದು ಹೇಳುತ್ತದೆ. 2ರೊಳಗೆ ಒಳ್ಳೆಯದು, 2ರಿಂದ 3 ಎಚ್ಚರಿಕೆ, 3 ದಾಟಿದರೆ ತಪ್ಪು. ನಮ್ಮ ಲ್ಯಾಬ್‌ನ ಮೂರು ತಿಂಗಳು ಹೀಗಿವೆ.

ಮಾರ್ಚ್: ಇವರದು 196, ಗುಂಪು 210, ಎಸ್‌ಡಿ 6.5. ಎಸ್‌ಡಿಐ ಮೈನಸ್ 2.2.

ಏಪ್ರಿಲ್: ಇವರದು 84, ಗುಂಪು 90, ಎಸ್‌ಡಿ 3.2. ಎಸ್‌ಡಿಐ ಮೈನಸ್ 1.9.

ಮೇ: ಇವರದು 139, ಗುಂಪು 150, ಎಸ್‌ಡಿ 4.5. ಎಸ್‌ಡಿಐ ಮೈನಸ್ 2.4.

ಒಂದೂ 3 ದಾಟಿಲ್ಲ. ಅಮೆರಿಕದ ಸಿಎಲ್‌ಐಎ ನಿಯಮದಲ್ಲಿ ಗ್ಲೂಕೋಸ್‌ಗೆ ಶೇ 8 ಅಥವಾ 6 ಮಿ.ಗ್ರಾಂ, ಯಾವುದು ಜಾಸ್ತಿಯೋ ಅಷ್ಟು ವ್ಯತ್ಯಾಸಕ್ಕೆ ಅವಕಾಶ ಇದೆ. ಆ ಲೆಕ್ಕದಲ್ಲಿ ಮೂರೂ ಪಾಸ್! ಆದರೆ ಮೂರೂ ಒಂದೇ ಕಡೆ, ಕೆಳಗೆ. ಇದು ಓಲಾಟ ಅಲ್ಲ. ಪಾಸ್ ಫೇಲ್ ನೋಡಿ ಫೈಲ್ ಮುಚ್ಚುವವರಿಗೆ ಇದು ಕಾಣುವುದಿಲ್ಲ.

ಈಗ ಶೇಕಡಾ ಲೆಕ್ಕ ಮಾಡಿ. ಮಾರ್ಚ್‌ನಲ್ಲಿ ಶೇ 6.7 ಕಡಿಮೆ, ಏಪ್ರಿಲ್‌ನಲ್ಲಿ 6.7, ಮೇನಲ್ಲಿ 7.3. ಸಕ್ಕರೆ 90 ಇರಲಿ 210 ಇರಲಿ, ಹೋಗುವುದು ಅದೇ ಶೇ 7. ಹೀಗೆ ಅನುಪಾತದಲ್ಲಿ ತಪ್ಪಿದರೆ ಕೈ ಹೆಚ್ಚಾಗಿ ಸ್ಟ್ಯಾಂಡರ್ಡ್ ಕಡೆ, ಅದರಿಂದ ಬಂದ ಫ್ಯಾಕ್ಟರ್ ಕಡೆ ತೋರಿಸುತ್ತದೆ. ಬಣ್ಣವನ್ನು ಅಂಕಿಯಾಗಿ ತಿರುಗಿಸುವ ಗುಣಕವೇ ಫ್ಯಾಕ್ಟರ್. ಎಲ್ಲ ಮಟ್ಟದಲ್ಲೂ ಸುಮಾರು 6 ಮಿ.ಗ್ರಾಂ ಕಡಿಮೆ, ಹೀಗೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಮೊದಲು ಬ್ಲ್ಯಾಂಕ್ ನೋಡಬೇಕಿತ್ತು.

ಹೊಸ ಸ್ಟ್ಯಾಂಡರ್ಡ್ ಬಾಟಲಿ ಒಡೆದು ಹೊಸ ಫ್ಯಾಕ್ಟರ್ ಮಾಡಿಕೊಂಡರು. ಹಳೆಯ ಬಾಟಲಿಯ ಸ್ಟ್ಯಾಂಡರ್ಡನ್ನೇ ಪೇಷಂಟ್ ಸ್ಯಾಂಪಲ್‌ನ ಹಾಗೆ ಓಡಿಸಿದರು. 100 ಬರಬೇಕಾದದ್ದು 107 ಬಂತು. ಮುಚ್ಚಳ ಸಡಿಲ, ಬಾಟಲಿ ಫ್ಯಾನ್ ಕೆಳಗಿನ ಟೇಬಲ್ ಮೇಲೆ. ನೀರು ಆರಿ ದ್ರಾವಣ ಗಟ್ಟಿಯಾಗಿತ್ತು. ಆ 107ನ್ನು 100 ಅಂತ ಮೆಷಿನ್‌ಗೆ ಕಲಿಸಿ, ಅದೇ ಫ್ಯಾಕ್ಟರ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸಿದ್ದರು.

ಐಕ್ಯೂಸಿ ಯಾಕೆ ಹಿಡಿಯಲಿಲ್ಲ? 20 ದಿನದ ಸರಾಸರಿಯನ್ನೂ ಅದೇ ಫ್ಯಾಕ್ಟರ್‌ನಲ್ಲೇ ಕಟ್ಟಿದ್ದರು. 98 ಬರಬೇಕಾದ ಕಂಟ್ರೋಲ್ ಮೊದಲ ದಿನದಿಂದ 92 ಬಂತು, ಆಮೇಲೂ ದಿನಾ 92 ಬಂತು. ಚಾರ್ಟ್ ಸುಳ್ಳು ಹೇಳಲಿಲ್ಲ. "ನಿನ್ನೆಯ ಹಾಗೇ ಇದೆ" ಅಂದಿತು, ಅಷ್ಟೇ.

8. ಸರಿಪಡಿಸಿದ ಮೇಲಿನ ಕೆಲಸ

ಇಲ್ಲಿ ಒಂದು ವಿಚಿತ್ರ ಆಗುತ್ತದೆ, ಗಾಬರಿಯಾಗಬೇಡಿ. ಹೊಸ ಫ್ಯಾಕ್ಟರ್‌ನಲ್ಲಿ ಮಟ್ಟ 1 ಈಗ 98 ಬರುತ್ತದೆ, ಮಟ್ಟ 2 ಸುಮಾರು 305. ಹಳೆ ಚಾರ್ಟ್‌ನಲ್ಲಿ ಇವು 3 ಎಸ್‌ಡಿ ಗೆರೆಯ ಮೇಲೆ, ಅದರಾಚೆಗೆ. ಅಂದರೆ ಮೆಷಿನ್ ಸರಿಯಾದ ದಿನವೇ ಕಂಟ್ರೋಲ್ ಫೇಲ್! ಇದನ್ನು ನೋಡಿ ಹೆದರಿ ಹಳೇ ಸ್ಟ್ಯಾಂಡರ್ಡ್‌ಗೇ ವಾಪಸ್ ಹೋದವರಿದ್ದಾರೆ. ಹೋಗಬೇಡಿ. ಹಾಳೆಯ ನಡುವಿನ ಅಂಕಿ 98 ಇತ್ತಲ್ಲ, ಈಗ ಅದಕ್ಕೆ ಹೊಂದುತ್ತಿದೆ.

ಬದಲಾಗಬೇಕಾದದ್ದು ಚಾರ್ಟ್. ಹೊಸ ಹಾಳೆ ಹಾಕಿ, ಯಾವ ದಿನಾಂಕದಿಂದ, ಯಾಕೆ ಅಂತ ಮೇಲೆ ಬರೆಯಿರಿ. 20 ದಿನ ಕಾಯಲು ಆಗದಿದ್ದರೆ ದಿನಕ್ಕೆ ನಾಲ್ಕು ಸಲದಂತೆ ಐದು ದಿನ ಓಡಿಸಿ ತಾತ್ಕಾಲಿಕ ಸರಾಸರಿ ಮಾಡಿಕೊಳ್ಳಿ. ಎಸ್‌ಡಿಗೆ ಮಾತ್ರ ಈ ಐದು ದಿನದ ಅಂಕಿ ಬಳಸಬೇಡಿ, ಅದು ಸುಳ್ಳೇ ಚಿಕ್ಕದಾಗಿ ಬರುತ್ತದೆ. ಹಳೆಯ ಶೇಕಡಾ ಓಲಾಟವನ್ನೇ ಹೊಸ ಸರಾಸರಿಗೆ ಹಾಕಿ: 98ಕ್ಕೆ ಶೇ 2.2 ಅಂದರೆ ಸುಮಾರು 2.2. ಇಪ್ಪತ್ತು ದಿನ ತುಂಬಿದ ಮೇಲೆ ಪಕ್ಕಾ ಲೆಕ್ಕ ಮಾಡಿ. ಫ್ಯಾಕ್ಟರನ್ನು ಎಷ್ಟು ದಿನಕ್ಕೊಮ್ಮೆ, ಯಾವ ಸಂದರ್ಭದಲ್ಲಿ ಹೊಸದಾಗಿ ಮಾಡಬೇಕು ಅಂತಲೂ ಗೋಡೆಗೆ ಬರೆದು ಅಂಟಿಸಿ. ಹೊಸ ರೀಏಜೆಂಟ್ ಲಾಟ್ ಬಂದಾಗಲಂತೂ ಮಾಡಲೇಬೇಕು.

ಉಳಿದದ್ದು ಕಷ್ಟದ ಭಾಗ, ಈಗಾಗಲೇ ಹೊರಗೆ ಹೋದ ರಿಪೋರ್ಟ್‌ಗಳು. ಖಾಲಿ ಹೊಟ್ಟೆಯಲ್ಲಿ 126 ಮತ್ತು ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರು ಡಯಾಬಿಟಿಸ್ ಅಂತ ನೋಡುತ್ತಾರೆ. ಈ ಲ್ಯಾಬ್‌ನಲ್ಲಿ ನಿಜವಾದ 130 ಹೊರಗೆ ಹೋದದ್ದು 121 ಅಂತ. ಹಾಗಾಗಿ ಆ ಅವಧಿಯ ರಿಜಿಸ್ಟರ್ ತೆಗೆದು, ಖಾಲಿ ಹೊಟ್ಟೆಯ ಅಂಕಿ 118ರಿಂದ 125ರವರೆಗೆ ಇರುವವರ ಪಟ್ಟಿ ಮಾಡಿ. ಗಡಿಯ ತಪ್ಪು ಪಕ್ಕಕ್ಕೆ ಬಿದ್ದಿರಬಹುದಾದವರು ಇವರೇ. ಹಳೆಯ ಅಂಕಿಯನ್ನು 1.07ರಿಂದ ಗುಣಿಸಿ ಹೊಸ ರಿಪೋರ್ಟ್ ಪ್ರಿಂಟ್ ಮಾಡಬೇಡಿ. ಅವರವರ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿ, ಪೇಷಂಟನ್ನು ಕರೆಸಿ, ಹೊಸದಾಗಿ ರಕ್ತ ತೆಗೆದು ದುಡ್ಡು ತಗೊಳ್ಳದೆ ಮತ್ತೆ ಮಾಡಿಕೊಡಿ.